ಸಿಮೆಂಟ್ ಚೀಲದೊಳಗೆ ಬೂದಿ: ಇದು ಕಲಬೆರಕೆಯೇ?

"ಮನೆ ಕಟ್ಟುವವರೇ ಎಚ್ಚರ! ನೀವು ದುಡ್ಡು ಕೊಟ್ಟು ತರುವ ಸಿಮೆಂಟ್‌ನಲ್ಲಿ ಮೂರನೇ ಒಂದು ಪಾಲು ಬರೀ ಬೂದಿ. ಎಲ್ಲರಿಗೂ ತಿಳಿಸಿ." ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಜೊತೆಗೆ ಒಂದು ವಿಡಿಯೊ ಇರುತ್ತದೆ. ನೀರು ತುಂಬಿದ ಗಾಜಿನ ಲೋಟಕ್ಕೆ ಒಂದು ಚಮಚ ಸಿಮೆಂಟ್ ಹಾಕುತ್ತಾರೆ, ಬೂದು ಬಣ್ಣದ ಪುಡಿ ಮೇಲೆ ತೇಲುತ್ತದೆ. "ನೋಡಿ, ಬೂದಿ!" ಎನ್ನುತ್ತದೆ ದನಿ.

ಮೊದಲೇ ಉತ್ತರ ಹೇಳಿಬಿಡೋಣ. ಸಿಮೆಂಟ್‌ನಲ್ಲಿ ಬೂದಿ ಇರುವುದು ನಿಜ. ಅದು ಕಲಬೆರಕೆ ಎನ್ನುವುದು ಸುಳ್ಳು. ಆದರೆ ಮನೆ ಕಟ್ಟುವವರು ತಿಳಿಯಲೇಬೇಕಾದ ಒಂದು ವಿಷಯವನ್ನು ಆ ಸಂದೇಶ ಹೇಳುವುದೇ ಇಲ್ಲ. ಬೂದಿ ಬೆರೆತ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗುತ್ತದೆ, ಅದಕ್ಕೆ ಹೆಚ್ಚು ದಿನ ನೀರು ಬೇಕು. ಆ ನೀರು ಸಿಗದಿದ್ದರೆ ಮಾತ್ರ ತೊಂದರೆ.

ಇದು ಒಲೆಯ ಬೂದಿ ಅಲ್ಲ

ಬೂದಿ ಎಂದ ಕೂಡಲೇ ನಮಗೆ ನೆನಪಾಗುವುದು ಸೌದೆ ಒಲೆಯ ಬೂದಿ, ಪಾತ್ರೆ ತಿಕ್ಕುವ ಬೂದಿ. ಅದನ್ನು ಗಾರೆಗೆ ಹಾಕಿದರೆ ಗೋಡೆ ಹಾಳಾಗುವುದು ಖಂಡಿತ. ಸಿಮೆಂಟ್‌ಗೆ ಹೋಗುವುದು ಬೇರೆ ಬೂದಿ. ಅದರ ಹೆಸರು ಹಾರುಬೂದಿ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮಣ್ಣಿನ ಅಂಶ ಜಾಸ್ತಿ. ನೂರು ಲಾರಿ ಕಲ್ಲಿದ್ದಲು ಸುಟ್ಟರೆ ಸುಮಾರು ಮೂವತ್ತೈದು ಲಾರಿ ಬೂದಿ ಉಳಿಯುತ್ತದೆ. ರಾಯಚೂರಿನ ಶಕ್ತಿನಗರ, ಬಳ್ಳಾರಿ ಹತ್ತಿರದ ಕುಡತಿನಿಯಂಥ ಶಾಖೋತ್ಪನ್ನ ಕೇಂದ್ರಗಳಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿ ಮಾಡಿ ಕುಲುಮೆಗೆ ಊದುತ್ತಾರೆ. ಅಲ್ಲಿನ ಬಿಸಿ ಸಾವಿರ ಡಿಗ್ರಿಗಿಂತ ಬಹಳ ಮೇಲೆ. ಕಲ್ಲಿದ್ದಲು ಉರಿದುಹೋಗುತ್ತದೆ. ಅದರೊಳಗಿದ್ದ ಜೇಡಿಮಣ್ಣು ಉರಿಯುವುದಿಲ್ಲ, ಕರಗುತ್ತದೆ. ಕರಗಿದ ಹನಿಗಳು ಹೊಗೆಯ ಜೊತೆ ಹಾರುತ್ತಾ ಥಟ್ಟನೆ ತಣ್ಣಗಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಂಡುಗಳಾಗುತ್ತವೆ. ಚಿಮಣಿಗೆ ಹೋಗುವ ದಾರಿಯಲ್ಲಿ ವಿದ್ಯುತ್ ಬಲದಿಂದ ಧೂಳು ಹಿಡಿಯುವ ಯಂತ್ರಗಳು ಇವನ್ನು ಹಿಡಿದುಕೊಳ್ಳುತ್ತವೆ. ಇದೇ ಹಾರುಬೂದಿ. ಅಂದರೆ ಇದು ಸುಟ್ಟ ಕಲ್ಲಿದ್ದಲಿಗಿಂತ ಹೆಚ್ಚಾಗಿ ಸುಟ್ಟ ಮಣ್ಣು.

ಕೆಆರ್‌ಎಸ್ ಅಣೆಕಟ್ಟೆಯಲ್ಲೂ ಇದೇ ಕೆಲಸ

ಸುಟ್ಟ ಮಣ್ಣಿನ ಪುಡಿಯಿಂದ ಕಟ್ಟಡ ಕಟ್ಟುವುದು ನಮಗೆ ಹೊಸದಲ್ಲ. ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಪುಡಿ ಮಾಡಿ ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆ ಆಗುತ್ತದೆ. ಸುಟ್ಟ ಮಣ್ಣಿನ ಪುಡಿಗೆ ತಾನಾಗಿ ಅಂಟುವ ಗುಣ ಇಲ್ಲ. ಸುಣ್ಣ ಮತ್ತು ನೀರು ಸಿಕ್ಕಾಗ ಮಾತ್ರ ಅದು ಕಲ್ಲಾಗುತ್ತದೆ.

ಸಿಮೆಂಟ್‌ನಲ್ಲೂ ಹೀಗೇ ಆಗುತ್ತದೆ. ಮಾಮೂಲಿ ಸಿಮೆಂಟ್‌ಗೆ ನೀರು ಬೆರೆಸಿದಾಗ ಎರಡು ಪದಾರ್ಥಗಳು ಹುಟ್ಟುತ್ತವೆ. ಒಂದು, ಮರಳು ಜಲ್ಲಿಯನ್ನು ಹಿಡಿದಿಡುವ ಗಟ್ಟಿ ಅಂಟು. ಇನ್ನೊಂದು, ಸುಣ್ಣ. ಈ ಸುಣ್ಣದಿಂದ ಬಲ ಅಷ್ಟಾಗಿ ಬರುವುದಿಲ್ಲ. ನೀರು ಹರಿದರೆ ಅದು ಕರಗಿ ಹೊರಬರುತ್ತದೆ. ಸೋರುವ ಚಾವಣಿಯ ಕೆಳಗೆ ಬಿಳಿ ಕಲೆ, ಬಿಳಿ ಕಡ್ಡಿಯಂಥ ತೊಟ್ಟು ನೋಡಿದ್ದೀರಲ್ಲ, ಅದರ ಮೂಲ ಇದೇ. ಹಾರುಬೂದಿ ಇದ್ದರೆ ಅದು ಆ ಸುಣ್ಣವನ್ನು ಹಿಡಿದುಕೊಂಡು ಮತ್ತಷ್ಟು ಅಂಟಾಗಿ ಬದಲಿಸುತ್ತದೆ. ಕಾಂಕ್ರೀಟ್‌ನ ಸಣ್ಣ ಸಣ್ಣ ರಂಧ್ರಗಳು ತುಂಬಿಕೊಳ್ಳುತ್ತವೆ. ನೀರು ಒಳಗಿನ ಕಬ್ಬಿಣದ ತನಕ ಇಳಿಯುವುದು ಕಷ್ಟವಾಗುತ್ತದೆ.

ಹಾಗಾಗಿಯೇ ಇದಕ್ಕೆ ಸರ್ಕಾರದ ಮಾನಕವಿದೆ. ಚೀಲದ ಮೇಲೆ ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್ ಎಂದಿದ್ದರೆ, ಜೊತೆಗೆ 'ಫ್ಲೈ ಆ್ಯಶ್ ಬೇಸ್ಡ್' ಎಂದೂ ಐಎಸ್ 1489 ಎಂದೂ ಮುದ್ರಿಸಿರುತ್ತಾರೆ. ಈ ಮಾನಕದ ಪ್ರಕಾರ ಹಾರುಬೂದಿ ಶೇ 15ರಿಂದ 35ರವರೆಗೆ ಇರಬೇಕು. 50 ಕೆ.ಜಿ. ಚೀಲದಲ್ಲಿ ಏಳೂವರೆಯಿಂದ ಹದಿನೇಳೂವರೆ ಕೆ.ಜಿ. ಸಂದೇಶದಲ್ಲಿ 'ಬಯಲಾದ ಗುಟ್ಟು' ಚೀಲದ ಮೇಲೇ ಅಚ್ಚಾಗಿದೆ.

ತೇಲುವ ವಿಡಿಯೊ ಏನು ಹೇಳುತ್ತದೆ?

ಹಾರುಬೂದಿಯ ಗುಂಡುಗಳಲ್ಲಿ ಕೆಲವು ಟೊಳ್ಳಾಗಿರುತ್ತವೆ. ಟೊಳ್ಳಾದದ್ದು ತೇಲುತ್ತದೆ. ಆದ್ದರಿಂದ ಪಿಪಿಸಿಯನ್ನು ನೀರಿಗೆ ಹಾಕಿದರೆ ಮೇಲೆ ತೆಳ್ಳಗೆ ಬೂದು ಪದರ ಕಾಣಬಹುದು. ಅದು ಚೀಲದ ಮೇಲೆ ಬರೆದದ್ದನ್ನೇ ಇನ್ನೊಮ್ಮೆ ತೋರಿಸುತ್ತದೆ, ಅಷ್ಟೆ. ಸಿಮೆಂಟ್‌ನ ಗುಣಮಟ್ಟ ಲೋಟದಲ್ಲಿ ತಿಳಿಯುವುದಿಲ್ಲ.

ನಿಜವಾದ ಕಲಬೆರಕೆಯೂ ಇಲ್ಲದಿಲ್ಲ. ಚೀಲದ ಹೊಲಿಗೆ ಬಿಚ್ಚಿ ಏನಾದರೂ ಬೆರೆಸಿ ಮತ್ತೆ ಹೊಲಿದರೆ ಅದು ಮೋಸ. ಕಾರ್ಖಾನೆಗೆ ಹೋಗುವ ಹಾರುಬೂದಿ ಎಷ್ಟು ನುಣುಪಾಗಿರಬೇಕು, ಅದರಲ್ಲಿ ಉರಿಯದೆ ಉಳಿದ ಇದ್ದಲು ಎಷ್ಟರೊಳಗೆ ಇರಬೇಕು ಎಂಬ ಮಿತಿಗಳಿವೆ. ಹೊಂಡದಿಂದ ತಂದ ಒರಟು, ಕಪ್ಪು ಬೂದಿಗೆ ಆ ಪರೀಕ್ಷೆ ಆಗಿರುವುದಿಲ್ಲ. ಆದ್ದರಿಂದ ಹೊಲಿಗೆ ಗಮನಿಸಿ, ತಯಾರಾದ ವಾರ ಮತ್ತು ವರ್ಷ ನೋಡಿ. ಕೆಲಸದ ಜಾಗದಲ್ಲಿ ಯಾರಾದರೂ ಬೂದಿ ಸುರಿಯಲು ಬಂದರೆ ಬೇಡ ಎನ್ನಿ.

ತಪ್ಪುವುದು ಎಲ್ಲಿ?

ಪಿಪಿಸಿ 28 ದಿನಕ್ಕೆ ಮುಟ್ಟಬೇಕಾದ ಕನಿಷ್ಠ ಬಲವನ್ನು ನೂರು ಎಂದುಕೊಳ್ಳಿ. ಮಾನಕದ ಪ್ರಕಾರ 3 ದಿನಕ್ಕೆ ಅದರ ಅರ್ಧದಷ್ಟು, 7 ದಿನಕ್ಕೆ ಮೂರರಲ್ಲಿ ಎರಡು ಪಾಲು ಬಂದಿರಬೇಕು. ಉಳಿದದ್ದು ಆಮೇಲೆ ಬರುತ್ತದೆ. ಬೂದಿ ಮತ್ತು ಸುಣ್ಣದ ಕೆಲಸ ಶುರುವಾಗುವುದೇ ತಡವಾಗಿ, ಅದು ವಾರಗಟ್ಟಲೆ ನಡೆಯುತ್ತದೆ. ಆದರೆ ಒಳಗೆ ತೇವ ಇದ್ದರೆ ಮಾತ್ರ.

ಒಂದು ಉದಾಹರಣೆ ನೋಡೋಣ. ಮಾರ್ಚ್ 1ರಂದು ಪಿಪಿಸಿ ಬಳಸಿ ಮೋಲ್ಡ್ ಹಾಕಿದಿರಿ. ಮರುದಿನ ಗಾರೆಯಲ್ಲಿ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದಿರಿ. ಐದನೇ ದಿನ ಮೇಲೆ ತಟ್ಟಿ ನೋಡಿದರೆ ಕಲ್ಲಿನಂತಿದೆ. "ಸಾರ್, ಸೆಟ್ ಆಗಿದೆ, ನೀರು ಸಾಕು" ಎನ್ನುತ್ತಾರೆ ಮೇಸ್ತ್ರಿ. ಟ್ಯಾಂಕರ್ ನೀರಿಗೆ ದುಡ್ಡು ಬೇರೆ. ನಿಲ್ಲಿಸಿಬಿಡುತ್ತೀರಿ. ಬಿಸಿಲಿಗೆ ಮೇಲ್ಭಾಗ ಒಣಗುತ್ತದೆ, ಅಲ್ಲಿಯ ಬೂದಿ ಕೆಲಸ ಮಾಡದೆ ಹಾಗೇ ಉಳಿಯುತ್ತದೆ. ಇದರಿಂದ ಚಾವಣಿ ಮರುದಿನ ಕುಸಿಯುವುದಿಲ್ಲ. ಮೇಲ್ಮೈ ಉಜ್ಜಿದರೆ ಪುಡಿ ಬರುತ್ತದೆ, ಕೂದಲೆಳೆಯ ಬಿರುಕು ಕಾಣುತ್ತದೆ. ಮುಂದೆ ಮಳೆ ನೀರು ಅಲ್ಲಿಂದ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆಗ ಎಲ್ಲರೂ ಬೈಯುವುದು ಬೂದಿಯನ್ನು.

ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಾಮೂಲಿ ಓಪಿಸಿ ಸಿಮೆಂಟ್‌ಗೆ ಕನಿಷ್ಠ 7 ದಿನ ಕ್ಯೂರಿಂಗ್. ಬೂದಿ ಬೆರೆತ ಸಿಮೆಂಟ್‌ಗೆ ಕನಿಷ್ಠ 10 ದಿನ, 14 ದಿನಕ್ಕೆ ಹೆಚ್ಚಿಸುವುದು ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಮಾರ್ಚ್ 15ರವರೆಗೆ ನೀರು ನಿಂತಿರಬೇಕಿತ್ತು. ಸೆಂಟ್ರಿಂಗ್ ಬಿಚ್ಚುವ ದಿನಗಳ ಲೆಕ್ಕವೂ ಓಪಿಸಿಗೆ ಬರೆದದ್ದು. ಪಿಪಿಸಿ ಆದರೆ ಕಂಬ ತೆಗೆಯುವ ಮುನ್ನ ಎಂಜಿನಿಯರ್ ಅವರನ್ನು ಕೇಳಿ, ಇನ್ನಷ್ಟು ದಿನ ಬಿಡಿ.

ಬೂದಿ ಇಟ್ಟಿಗೆ ಕೊಳ್ಳುವಾಗ

ಬೂದಿ ಇಟ್ಟಿಗೆಯನ್ನು ಭಟ್ಟಿಯಲ್ಲಿ ಸುಡುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಹಾರುಬೂದಿ, ಉಳಿದಂತೆ ಕಲ್ಲಿನ ಪುಡಿ ಅಥವಾ ಮರಳು, ಸ್ವಲ್ಪ ಸಿಮೆಂಟ್ ಅಥವಾ ಸುಣ್ಣ ಮತ್ತು ಜಿಪ್ಸಮ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ. ಆಮೇಲೆ ಎರಡು ಮೂರು ವಾರ ನೀರು ಹಾಕಿ ಹದ ಮಾಡಬೇಕು. ಇಲ್ಲೂ ಅವಸರವೇ ಶತ್ರು. ಬೇಡಿಕೆ ಇದೆಯೆಂದು ನಾಲ್ಕೈದು ದಿನಕ್ಕೇ ಲಾರಿಗೆ ತುಂಬಿದ ಇಟ್ಟಿಗೆಯ ಅಂಚು ಉದುರುತ್ತದೆ. ಗೋಡೆ ಕಟ್ಟಿದ ಮೇಲೆ ಅದು ಒಣಗಿ ಕುಗ್ಗುತ್ತದೆ, ಪ್ಲಾಸ್ಟರ್‌ನಲ್ಲಿ ಬಿರುಕು ಬಿಡುತ್ತದೆ.

ಮನೆಯಲ್ಲೇ ಪರೀಕ್ಷಿಸಬಹುದು. ಚೆನ್ನಾಗಿ ಒಣಗಿದ ಇಟ್ಟಿಗೆಯನ್ನು ತೂಗಿ. 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ, ಮತ್ತೆ ತೂಗಿ. ಮೊದಲು 2.6 ಕೆ.ಜಿ. ಇದ್ದದ್ದು 3 ಕೆ.ಜಿ. ಆಯಿತೆನ್ನಿ. ಕುಡಿದ ನೀರು 400 ಗ್ರಾಂ, ಅಂದರೆ ಸುಮಾರು ಶೇ 15. ಮನೆ ಕಟ್ಟುವ ಸಾಮಾನ್ಯ ದರ್ಜೆಯ ಇಟ್ಟಿಗೆಗೆ ಮಿತಿ ಶೇ 20, ಆದ್ದರಿಂದ ಇದು ಪಾಸು. 3.3 ಕೆ.ಜಿ. ಆದರೆ ಶೇ 27 ಆಯಿತು, ಆ ಲೋಡ್ ವಾಪಸ್ ಕಳಿಸಿ. ಉಗುರಿನಿಂದ ಕೆರೆದರೆ ಪುಡಿ ಉದುರುವ ಇಟ್ಟಿಗೆಯೂ ಬೇಡ. ಮನೆಯ ಪರೀಕ್ಷೆಯಲ್ಲಿ ಭಾರ ತಾಳುವ ಬಲ ಗೊತ್ತಾಗುವುದಿಲ್ಲ, ಅದಕ್ಕೆ ತಯಾರಕರ ಬಳಿ ಪ್ರಯೋಗಾಲಯದ ವರದಿ ಕೇಳಿ.

ವಿಕಿರಣ, ಕ್ಯಾನ್ಸರ್ ಎಂಬ ಮಾತು

"ಬೂದಿ ಇಟ್ಟಿಗೆಯಿಂದ ವಿಕಿರಣ ಬರುತ್ತದೆ" ಎಂಬ ಇನ್ನೊಂದು ಸಂದೇಶವೂ ಇದೆ. ಮಣ್ಣಿನಲ್ಲಿ, ಕಲ್ಲಿನಲ್ಲಿ ಇರುವಂತೆ ಕಲ್ಲಿದ್ದಲಿನಲ್ಲೂ ಅತ್ಯಲ್ಪ ಯುರೇನಿಯಂ, ಥೋರಿಯಂ ಇರುತ್ತವೆ. ಇದ್ದಲು ಉರಿದುಹೋದಾಗ ಅವು ಬೂದಿಯಲ್ಲಿ ಉಳಿಯುವುದರಿಂದ ಪ್ರಮಾಣ ಏರುತ್ತದೆ. ಏರಿದ ಮೇಲೂ ಅದು ಹೆಚ್ಚುಕಡಿಮೆ ಗ್ರಾನೈಟ್‌ನಂಥ ಕಲ್ಲುಗಳಲ್ಲಿ ಇರುವಷ್ಟೇ ಎಂದು ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ 1997ರಲ್ಲೇ ವಿವರಿಸಿದೆ. ನಮ್ಮ ಅಡುಗೆಮನೆಯ ಕಟ್ಟೆಗೂ ಅದೇ ಗ್ರಾನೈಟ್ ಹಾಕುತ್ತೇವೆ.

ಹಾರುಬೂದಿಯಿಂದ ಅಪಾಯ ಇರುವುದು ಅದು ಸಡಿಲವಾಗಿದ್ದಾಗ. ಧೂಳಾಗಿ ಹಾರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೂದಿ ಹೊಂಡಗಳಿಂದ ಆರ್ಸೆನಿಕ್‌ನಂಥ ವಿಷಕಾರಿ ಅಂಶಗಳು ನೀರಿಗೆ ಜಿನುಗಬಹುದು. ಮಧ್ಯಪ್ರದೇಶದ ಸಿಂಗರೌಲಿಯಲ್ಲಿ 2020ರ ಏಪ್ರಿಲ್‌ನಲ್ಲಿ ಇಂಥ ಹೊಂಡದ ಏರಿ ಒಡೆದು ಬೂದಿಯ ಕೆಸರು ನುಗ್ಗಿ ಜನ ಸತ್ತರು, ಹೊಲಗಳು ಮುಚ್ಚಿಹೋದವು. ಇಟ್ಟಿಗೆ, ಸಿಮೆಂಟ್‌ನೊಳಗೆ ಬಂಧಿಯಾದ ಬೂದಿ ಹೀಗೆ ಹಾರುವುದಿಲ್ಲ, ಹರಿಯುವುದಿಲ್ಲ. ಉತ್ಪಾದನೆಯಾದ ಬೂದಿಯನ್ನೆಲ್ಲ ಬಳಕೆಗೆ ತರಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದರ ಹಿಂದಿನ ಕಾರಣವೂ ಇದೇ. ಆದರೆ ಇಟ್ಟಿಗೆ ಕಾರ್ಖಾನೆಯಲ್ಲಿ ಬೂದಿ ಸುರಿಯುವವರು, ಗೋಡೆ ಕೊರೆಯುವವರು ಮಾಸ್ಕ್ ಹಾಕಲೇಬೇಕು.

ಹಾಗಾದರೆ ಆ ಸಂದೇಶ ಮತ್ತೆ ಬಂದರೆ? ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಇಷ್ಟು ಬರೆದು ಕಳಿಸಿ: "ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಬೂದಿ ಇರಲೇಬೇಕು. ಮೋಲ್ಡ್‌ಗೆ 14 ದಿನ ನೀರು ನಿಲ್ಲಿಸಿ."