ಕಾಳಮ್ಮ ಕಲ್ಲಮ್ಮ ಆದಾಗ

‘ಮಾನ್ಯರೇ, ನಿಮ್ಮ ಪತ್ರಿಕೆಯಲ್ಲಿ ನಮ್ಮ ತಾಯಿಯ ಹೆಸರು ತಪ್ಪಾಗಿ ಅಚ್ಚಾಗಿದೆ. ಇದರಿಂದ ನಮಗೆ ತುಂಬಾ ಬೇಸರವಾಗಿದೆ. ದಯವಿಟ್ಟು ಸರಿಪಡಿಸಿ.’

ಪತ್ರಿಕೆಯೊಂದರ ಜಿಲ್ಲಾ ಪುಟದ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥ ಪತ್ರಗಳನ್ನು ಬೇಕಾದಷ್ಟು ಓದಿದ್ದೇನೆ. ಬೇಸರ ನಿಜವಾದದ್ದೇ. ಆದರೆ ಯಾವ ದಿನದ ಪತ್ರಿಕೆ, ಯಾವ ಪುಟ, ಅಚ್ಚಾಗಿದ್ದೇನು ಎಂಬುದು ಪತ್ರದಲ್ಲಿ ಇರುತ್ತಿರಲಿಲ್ಲ. ಎಷ್ಟೋ ಸಲ ಸರಿಯಾದ ಹೆಸರೇ ಇರುತ್ತಿರಲಿಲ್ಲ! ಹುಡುಕುವ ಪುರುಸೊತ್ತು ಯಾರಿಗೂ ಇಲ್ಲದೆ ಪತ್ರ ಮೇಜಿನ ಮೂಲೆಗೆ ಸರಿಯುತ್ತಿತ್ತು.

ಕನ್ನಡ ಪತ್ರಿಕೆಗಳಲ್ಲಿ ಹೆಸರು ಕೆಡುವುದಕ್ಕೆ ಒಂದು ದೊಡ್ಡ ದಾರಿ ಇಂಗ್ಲಿಷ್. ಇಲಾಖೆಯ ಪ್ರಕಟಣೆಯೋ ಸುದ್ದಿಸಂಸ್ಥೆಯ ವರದಿಯೋ ಇಂಗ್ಲಿಷಿನಲ್ಲಿ ಬರುತ್ತದೆ. ಅದರಲ್ಲಿ Kalamma ಎಂದಿದೆ ಅಂದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಪುಟ ಮುಗಿಸುವ ಉಪಸಂಪಾದಕನಿಗೆ ಅದು ಕಾಳಮ್ಮ, ಕಲ್ಲಮ್ಮ, ಕಲಮ್ಮ ಏನೂ ಆಗಬಹುದು. ಆ ಅಕ್ಷರಗಳಲ್ಲಿ ಹ್ರಸ್ವ ದೀರ್ಘದ ಗುರುತಿಲ್ಲ, ಲ ಮತ್ತು ಳದ ಭೇದವಿಲ್ಲ. ತನ್ನ ಊರಿನಲ್ಲಿ ಯಾವ ಹೆಸರು ಹೆಚ್ಚು ಕೇಳಿದ್ದಾನೋ ಅದನ್ನೇ ಟೈಪ್ ಮಾಡುತ್ತಾನೆ. ಇನ್ನೊಂದು ದಾರಿ ಫಾಂಟ್. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬಂದದ್ದನ್ನು ಯುನಿಕೋಡಿಗೆ ಬದಲಿಸುವಾಗ ಕೆಲವೊಮ್ಮೆ ಒತ್ತಕ್ಷರ ಜಾರಿಹೋಗುತ್ತದೆ. ಕರಡು ತಿದ್ದುವವರಿಗೆ ಬೇರೆ ಪದದಲ್ಲಾದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಹೆಸರಿನಲ್ಲಿ ಹೊಡೆಯುವುದಿಲ್ಲ, ಕಲ್ಲಮ್ಮ ಎಂಬುದೂ ಒಳ್ಳೆಯ ಹೆಸರೇ ತಾನೆ.

ಹಾಗಾದರೆ ಕೆಲಸ ಮಾಡಿಸುವ ಪತ್ರ ಹೇಗಿರುತ್ತದೆ? ರಾಗಿ ಬೆಳೆಗೆ ಬಹುಮಾನ ಪಡೆದ ತಾಯಿಯ ಪರವಾಗಿ ಮಗಳು ಬರೆಯುತ್ತಿದ್ದಾಳೆ ಎಂದಿಟ್ಟುಕೊಂಡರೆ, ಇಷ್ಟು ಸಾಕು:

‘ಸಂಪಾದಕರಿಗೆ, ವಿಷಯ: ಹೆಸರಿನ ತಿದ್ದುಪಡಿ. ನಿಮ್ಮ ಪತ್ರಿಕೆಯ ಜನವರಿ 12ರ ಹಾಸನ ಆವೃತ್ತಿ, 3ನೇ ಪುಟ, “ರಾಗಿ ಬೆಳೆಗಾರ್ತಿಗೆ ಬಹುಮಾನ” ಎಂಬ ವರದಿಯ ಎರಡನೇ ಪ್ಯಾರಾದಲ್ಲಿ ನನ್ನ ತಾಯಿಯ ಹೆಸರು “ಕಲ್ಲಮ್ಮ” ಎಂದು ಅಚ್ಚಾಗಿದೆ. ಅದು “ಕಾಳಮ್ಮ” ಎಂದಿರಬೇಕು: ಕಾ ದೀರ್ಘ, ಬಳೆಯ ಳ, ಮಗೆ ಮ ಒತ್ತು. ಅದೇ ಆವೃತ್ತಿಯಲ್ಲಿ ತಿದ್ದುಪಡಿ ಪ್ರಕಟಿಸಿ, ಜಾಲತಾಣದ ವರದಿಯನ್ನೂ ಸರಿಪಡಿಸಬೇಕೆಂದು ಕೋರುತ್ತೇನೆ.’

ಕೆಳಗೆ ಸಹಿ, ಫೋನ್ ನಂಬರು, ಜತೆಗೆ ವರದಿಯ ತುಣುಕಿನ ಫೋಟೊ. ಇಲ್ಲಿ ಆವೃತ್ತಿಯ ಹೆಸರೇ ಮುಖ್ಯ. ಜಿಲ್ಲೆಗೊಂದು ಪುಟ ಮಾಡುವ ಪತ್ರಿಕೆಯಲ್ಲಿ ಹಾಸನದ ತಪ್ಪಿಗೆ ತಿದ್ದುಪಡಿ ಮೈಸೂರಿನಲ್ಲಿ ಬಂದರೆ ನಿಮ್ಮ ಊರಿನವರು ಅದನ್ನು ನೋಡುವುದೇ ಇಲ್ಲ. ದಾಖಲೆ ಕೇಳಿದರೆ ಪಡಿತರ ಚೀಟಿಯೋ ಶಾಲೆಯ ಸರ್ಟಿಫಿಕೇಟೋ ಕೊಡಬಹುದು. ಆಧಾರ್ ಕಳಿಸುವುದಾದರೆ ನಂಬರು ಮುಚ್ಚಿ ಕಳಿಸಿ, ಮೊದಲು ಅದರ ಕನ್ನಡ ಸಾಲನ್ನೂ ಒಮ್ಮೆ ಓದಿಕೊಳ್ಳಿ. ಅಲ್ಲಿಯೇ ಕಲಮ್ಮ ಎಂದಿದ್ದು, ತಿದ್ದುಪಡಿಗೇ ಇನ್ನೊಂದು ತಿದ್ದುಪಡಿ ಹಾಕಿದ ಪ್ರಸಂಗ ನಮ್ಮ ಡೆಸ್ಕಿನಲ್ಲೇ ನಡೆದಿತ್ತು.

ಪತ್ರ ಯಾರ ಕೈಗೆ ಹೋಗಬೇಕು ಎಂಬುದರಲ್ಲೂ ಜನ ಎಡವುತ್ತಾರೆ. ಓದುಗರ ಪತ್ರಗಳ ವಿಭಾಗಕ್ಕೆ ಹೋದರೆ ಅದು ಅಭಿಪ್ರಾಯಗಳ ರಾಶಿಯಲ್ಲಿ ಸೇರುತ್ತದೆ. ಪತ್ರಿಕೆಯ ಒಳಪುಟದಲ್ಲೋ ಕೊನೆಯ ಪುಟದ ತಳದಲ್ಲೋ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದೆ. ಪತ್ರ ಆ ಸಂಪಾದಕರಿಗೇ ಹೋಗಲಿ, ಪ್ರತಿಯೊಂದು ಸ್ಥಳೀಯ ವರದಿಗಾರರಿಗೆ. ಬರೀ ವರದಿಗಾರರಿಗೆ ಫೋನ್ ಮಾಡಿದರೆ ‘ಹೇಳ್ತೀನಿ ಬಿಡಿ’ ಎನ್ನುತ್ತಾರೆ. ಅವರು ಮರೆತರೆ ನೀವು ಕೇಳಿದ್ದಕ್ಕೆ ಗುರುತೇ ಉಳಿಯುವುದಿಲ್ಲ.

ಹಾಗೆ ಗುರುತು ಉಳಿಸಿಕೊಳ್ಳುವುದಕ್ಕೆ ಕಾರಣವಿದೆ. ಸಂಪಾದಕರು ಉತ್ತರಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಆದರೆ ಮೊದಲು ಸಂಪಾದಕರಿಗೆ ಬರೆದದ್ದರ ಪ್ರತಿಯನ್ನು ಮಂಡಳಿ ಕೇಳುತ್ತದೆ. ದಿನಪತ್ರಿಕೆಯಾದರೆ ವರದಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ತಲುಪಬೇಕು. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಬಹುಮಾನದ ಸುದ್ದಿಯ ಒಂದು ಒತ್ತಿಗಾಗಿ ಅಷ್ಟು ದೂರ ಹೋಗುವುದು ನನಗೇನೋ ಅತಿ ಅನ್ನಿಸುತ್ತದೆ.

ಕಳವಿನ ಸುದ್ದಿಯಲ್ಲಿ ದೂರು ಕೊಟ್ಟವರ ಹೆಸರು ಆರೋಪಿಯ ಜಾಗದಲ್ಲಿ ಬಂದಿದ್ದರೆ ಮಾತ್ರ ಅದು ಬೇರೆಯೇ ವಿಚಾರ. ಅಲ್ಲಿ ಬರೀ ‘ಹೆಸರು ಹೀಗೆ ಓದಿಕೊಳ್ಳಬೇಕು’ ಎಂಬ ಒಂದು ಸಾಲು ಸಾಲದು. ‘ಇವರು ಆರೋಪಿಯಲ್ಲ, ದೂರುದಾರರು’ ಎಂದು ಸ್ಪಷ್ಟವಾಗಿ ಬರಬೇಕು, ಮೂಲ ವರದಿ ಬಂದ ಪುಟದಲ್ಲೇ ಬರಬೇಕು. ಪತ್ರದಲ್ಲಿ ಈ ಎರಡನ್ನೂ ಬರೆದೇ ಕೇಳಿ.

ತಡವಾಯಿತು ಎಂದು ಕೈಬಿಡುವವರೂ ಇದ್ದಾರೆ. ‘ನ್ಯೂಯಾರ್ಕ್ ಟೈಮ್ಸ್’ 1853ರಲ್ಲಿ ಸಾಲೊಮನ್ ನಾರ್ಥಪ್ ಎಂಬವರ ಬಗ್ಗೆ ಬರೆದಾಗ ವರದಿಯಲ್ಲಿ Northrop ಎಂದೂ ತಲೆಬರಹದಲ್ಲಿ Northrup ಎಂದೂ ಅಚ್ಚು ಹಾಕಿತ್ತು. ಅವರನ್ನು ಅಪಹರಿಸಿ ಗುಲಾಮರನ್ನಾಗಿ ಮಾರಿದ್ದರು. ಅವರ ಆತ್ಮಕಥೆಯ ಸಿನಿಮಾಕ್ಕೆ 2014ರಲ್ಲಿ ಆಸ್ಕರ್ ಬಂದಾಗ ಹಳೆಯ ಪುಟ ನೋಡಿದವರೊಬ್ಬರು ಟ್ವಿಟರಿನಲ್ಲಿ ಅದನ್ನು ತೋರಿಸಿದರು. 161 ವರ್ಷದ ಮೇಲೆ ಪತ್ರಿಕೆ ತಿದ್ದುಪಡಿ ಹಾಕಿತು, Northup.