78 ಲಕ್ಷ ಅಂದವರಿಗೆ ಏನು ಹೇಳುವುದು?

ಮೈಸೂರಿನ ಕುವೆಂಪುನಗರದಲ್ಲಿ 1200 ಚದರಡಿಯ ಹಳೇ ಫ್ಲ್ಯಾಟ್ ಒಂದಿದೆ ಅಂತಿಟ್ಟುಕೊಳ್ಳಿ. ಮಾಲೀಕರು ಹೇಳುತ್ತಿರುವುದು 78 ಲಕ್ಷ. ನೋಡಲು ಬಂದ ದಂಪತಿ ಸಾಮಾನ್ಯವಾಗಿ ಹೇಳುವ ಮಾತು, ‘ನಮ್ಮ ಬಜೆಟ್ ಅಷ್ಟಿಲ್ಲ ಸರ್’. ಮಾಲೀಕರಿಗೆ ಇದು ಬೆಲೆ ಇಳಿಸಲು ಕಾರಣವೇ ಅಲ್ಲ. ಬಜೆಟ್ ಇರುವವರು ನಾಳೆ ಬರುತ್ತಾರೆ ಅಂದುಕೊಂಡು ಸುಮ್ಮನಾಗುತ್ತಾರೆ.

ಬಜೆಟ್ ಲೆಕ್ಕ ನಮಗಾಗಿ ಮಾತ್ರ. ಇವರಿಬ್ಬರ ಕೈಗೆ ಬರುವ ಸಂಬಳ ತಿಂಗಳಿಗೆ 1.10 ಲಕ್ಷ. ಬ್ಯಾಂಕು ಅದರಲ್ಲಿ ಅರ್ಧದಷ್ಟನ್ನು ಕಂತುಗಳಿಗೆ ಒಪ್ಪುತ್ತದೆ ಎನ್ನೋಣ. ಕಾರಿನ ಕಂತು 9,000 ಕಳೆದರೆ 46,000 ಉಳಿಯಿತು. ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷದ ಅವಧಿಯಾದರೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು ಬೀಳುವುದರಿಂದ ಸಾಲ 53 ಲಕ್ಷದ ಹತ್ತಿರ ಬರುತ್ತದೆ. ಕೈಯಲ್ಲಿರುವ ಉಳಿತಾಯ 22 ಲಕ್ಷ. ಒಟ್ಟು 75. ಅದರಲ್ಲಿ ಪೇಂಟು, ರಿಪೇರಿಗೆ 2 ಲಕ್ಷ ತೆಗೆದಿಟ್ಟು, ಮುದ್ರಾಂಕ ಶುಲ್ಕ, ನೋಂದಣಿಗೆ ಏಳೂವರೆ ಪರ್ಸೆಂಟ್ ಚಿಲ್ಲರೆ ಬಿಟ್ಟರೆ 68 ಲಕ್ಷಕ್ಕಿಂತ ಮೇಲೆ ಹೋಗುವಂತಿಲ್ಲ. ನೋಂದಣಿ ಖರ್ಚನ್ನು ಮರೆತೇ ಮಾತು ಕೊಟ್ಟು ಬರುವವರು ಬಹಳ. ಈ 68 ಅನ್ನುವ ಸಂಖ್ಯೆ ಮನೆಯಲ್ಲೇ ಇರಲಿ, ಏಜೆಂಟರ ಕಿವಿಗೂ ಬೀಳಬಾರದು.

ಮಾಲೀಕರ ಮುಂದಿಡಬೇಕಾದದ್ದು ಪಕ್ಕದ ಮನೆಗಳು ಎಷ್ಟಕ್ಕೆ ಹೋದವು ಎಂಬುದನ್ನು. ಜಾಹೀರಾತಿನ ಬೆಲೆ ಬರೀ ಕೇಳುವ ಬೆಲೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೋಂದಣಿಯಾದ ಪತ್ರದಲ್ಲಿನ ಮೊತ್ತವನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಅದು ಮಾರ್ಗಸೂಚಿ ಬೆಲೆಗೆ ಸರಿಹೊಂದುವಂತೆ ಇದ್ದರೆ, ನಿಜವಾಗಿ ಕೈಬದಲಾದ ಹಣ ಬೇರೆಯೇ ಇರಬಹುದು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನೋ ಇತ್ತೀಚೆಗೆ ಕೊಂಡವರನ್ನೋ ಕೇಳಿ ತಾಳೆ ನೋಡಬೇಕು.

ಅದೇ ಕಟ್ಟಡದಲ್ಲಿ ನಾಲ್ಕು ತಿಂಗಳ ಹಿಂದೆ ಅಷ್ಟೇ ಅಳತೆಯ ಮನೆ 67ಕ್ಕೆ ಹೋಗಿದೆ. ಇನ್ನೊಂದು 71ಕ್ಕೆ. ಆದರೆ ಅದಕ್ಕೆ ಎರಡು ಕಾರ್ ಪಾರ್ಕಿಂಗ್, ಹೊಸ ಅಡುಗೆಮನೆ ಇತ್ತು. ಅವೆರಡಕ್ಕೂ ಸೇರಿ ನಾಲ್ಕೂವರೆ ಲಕ್ಷ ಕಳೆದರೆ ಅದೂ ಅರವತ್ತಾರೂವರೆಗೇ ಬಂದು ನಿಲ್ಲುತ್ತದೆ. ನಮ್ಮ ಮನೆಯ ಬಚ್ಚಲಿನ ಗೋಡೆ ಒದ್ದೆಯಾಗಿ ಸುಣ್ಣ ಉದುರುತ್ತಿದೆ, ಆ ರಿಪೇರಿಗೆ ಒಂದೂವರೆ ಲಕ್ಷವಾದರೂ ಬೇಕು. 65 ಅನ್ನುವ ಆಫರ್ ಹುಟ್ಟಿದ್ದು ಹೀಗೆ.

ಮಾಲೀಕರು 71ಕ್ಕೆ ಇಳಿದರು ಅನ್ನಿ. ಆಗ ಬ್ಯಾಂಕಿನ ಮಾತು ತೆಗೆಯಬೇಕು: ‘ಸರ್, ಬ್ಯಾಂಕಿನವರು ಮನೆಗೆ 67 ಕಟ್ಟಿದರೆ ಸಾಲವೂ ಅದರ ಮೇಲೇ ಸಿಗೋದು. ನಮ್ಮ ನಂತರ ಬರುವವರಿಗೂ ಅದೇ ಕಥೆ. ನಮ್ಮ ಸಾಲಕ್ಕೆ ಬ್ಯಾಂಕು ಪತ್ರ ಕೊಟ್ಟಾಗಿದೆ, ಒಂದು ತಿಂಗಳಲ್ಲಿ ನೋಂದಣಿ ಮಾಡಿಸಿಕೊಳ್ತೀವಿ. ಅರವತ್ತಾರೂವರೆ ಕೊಡ್ತೀವಿ.’ 65ಕ್ಕೂ 71ಕ್ಕೂ ನಡುವೆ ಅರ್ಧ ಮಾಡೋಣ ಅನ್ನುವ ಏಜೆಂಟರ ಮಾತಿಗೆ ಒಪ್ಪಿದರೆ 68 ಆಗುತ್ತದೆ. ಮಾಲೀಕರು ಅಲ್ಲಿಂದ ಕೆಳಗಿಳಿಯದಿದ್ದರೂ, ಬ್ಯಾಂಕು ಸಾಲ ನಿರಾಕರಿಸಿದರೆ ಅಡ್ವಾನ್ಸ್ ವಾಪಸ್ ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸಿಕೊಂಡ ಮೇಲೆಯೇ ಚೆಕ್ಕಿಗೆ ಸಹಿ.