ಮೇಣದಬತ್ತಿ ಆರಿದಾಗ ನೀರೇಕೆ ಏರುತ್ತದೆ?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಎಂದರೆ ಈ ಪ್ರಯೋಗ ಇದ್ದೇ ಇರುತ್ತದೆ. ತಟ್ಟೆಯ ನೀರಿನ ನಡುವೆ ಉರಿಯುವ ಮೇಣದಬತ್ತಿ ನಿಲ್ಲಿಸಿ, ಮೇಲೆ ಗಾಜಿನ ಲೋಟ ಕವುಚಿದರೆ ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಅದು ಉರಿದು ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು ಎಂಬ ವಿವರಣೆಯೂ ಜೊತೆಗೆ ಬರುತ್ತದೆ. ನಮ್ಮ ಸರ್ಕಾರಿ ಪ್ರೌಢಶಾಲೆಯ ಮಕ್ಕಳು ಈ ವರ್ಷ ಆ ವಿವರಣೆಯನ್ನೇ ಪರೀಕ್ಷೆಗೆ ಒಡ್ಡಿದರು. ಅದೇ ನನಗೆ ಹೆಮ್ಮೆ.

ಅವರು ಮಾಡಿದ್ದು ಇಷ್ಟೇ: ಅದೇ ಲೋಟ, ಅದೇ ತಟ್ಟೆ, ಆದರೆ ಒಂದರ ಬದಲು ಮೂರು ಬತ್ತಿ. ನೀರು ಮೊದಲಿಗಿಂತ ಚೆನ್ನಾಗಿ ಮೇಲೇರಿತು. ಲೋಟದ ಆಮ್ಲಜನಕವೇನೂ ಹೆಚ್ಚಾಗಿರಲಿಲ್ಲವಲ್ಲ! "ಸರ್, ಉರಿಯುವಾಗ ನೀರು ಅಷ್ಟಾಗಿ ಏರಲ್ಲ, ಆರಿದ ಮೇಲೆ ಸರ್ರನೆ ಏರುತ್ತೆ" ಎಂದು ಒಬ್ಬ ಹುಡುಗಿ ಗಮನಿಸಿದಳು. ಲೋಟ ಕವುಚುವಾಗ ಅಂಚಿನಿಂದ ಗುಳ್ಳೆಗಳು ಹೊರಬಂದದ್ದನ್ನೂ ಅವಳೇ ತೋರಿಸಿದಳು.

ಗುಟ್ಟು ಆ ಗುಳ್ಳೆಗಳಲ್ಲಿದೆ. ಜ್ವಾಲೆಯ ಶಾಖಕ್ಕೆ ಗಾಳಿ ಹಿಗ್ಗಿ ಒಂದಷ್ಟು ಹೊರಹೋಗುತ್ತದೆ. ಬತ್ತಿ ಆರಿದೊಡನೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ನೀರಾವಿಯೂ ಹನಿಗಟ್ಟುತ್ತದೆ. ಒಳಗಿನ ಒತ್ತಡ ತಗ್ಗಿದಾಗ ಹೊರಗಿನ ಗಾಳಿ ನೀರನ್ನು ಒಳಕ್ಕೆ ನೂಕುತ್ತದೆ. ಆಮ್ಲಜನಕ ಖರ್ಚಾಗುವುದು ನಿಜ, ಆದರೆ ಪೂರ್ತಿಯಲ್ಲ. ಶೇ. 21ರಷ್ಟಿದ್ದದ್ದು ಸುಮಾರು 16ಕ್ಕೆ ಇಳಿಯುವಷ್ಟರಲ್ಲಿ ಬತ್ತಿ ಆರಿಬಿಡುತ್ತದೆ. ಖರ್ಚಾದ ಜಾಗವನ್ನೂ ಬಹುಪಾಲು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ.

ಹಾಗಾದರೆ ಐದನೇ ಒಂದು ಭಾಗವನ್ನು ತೋರಿಸುವುದು ಹೇಗೆ? ಇದಕ್ಕೆ ಬೆಂಕಿಯೇ ಬೇಡ, ತುಕ್ಕು ಸಾಕು. ಮಕ್ಕಳು 15 ಸೆಂ.ಮೀ. ಉದ್ದದ ಪ್ರನಾಳದ ಒಳಗೋಡೆಯನ್ನು ಒದ್ದೆ ಮಾಡಿ, ಕಬ್ಬಿಣದ ಪುಡಿ ಉದುರಿಸಿ ಅಂಟಿಸಿದರು. ಅದನ್ನು ನೀರಿನ ಬೀಕರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಪಕ್ಕದಲ್ಲಿ ಪುಡಿಯಿಲ್ಲದ ಇನ್ನೊಂದನ್ನೂ ಇಟ್ಟರು. ಬಿಸಿಲೇರಿದಂತೆ ಗಾಳಿ ಹಿಗ್ಗಿ ಮಟ್ಟ ಬದಲಾಗುತ್ತದೆ, ಆದ್ದರಿಂದ ಪ್ರತಿದಿನ ಪ್ರಾರ್ಥನೆಗೆ ಮುಂಚೆಯೇ ಗುರುತು ಹಾಕಿದರು. ಪುಡಿ ಕೆಂಪಾಗುತ್ತಾ ನೀರು ನಿಧಾನವಾಗಿ ಮೇಲೇರಿ, ಸುಮಾರು 3 ಸೆಂ.ಮೀ. ತಲುಪಿ ನಿಂತುಬಿಟ್ಟಿತು. ಪುಡಿಯಿಲ್ಲದ ಪ್ರನಾಳದಲ್ಲಿ ಮಟ್ಟ ಹಾಗೆಯೇ ಇತ್ತು. ತುಕ್ಕು ಹಿಡಿಯುವಾಗ ಆಮ್ಲಜನಕ ಕಬ್ಬಿಣದೊಂದಿಗೆ ಸೇರಿ ಘನವಾಗುತ್ತದೆ, ಅದರ ಬದಲು ಬೇರೆ ಅನಿಲ ಹುಟ್ಟುವುದಿಲ್ಲ. ಅದಕ್ಕೇ ಈ ಲೆಕ್ಕ ನಂಬಬಹುದಾದದ್ದು.

ಪುಡಿ ಸಿಗದಿದ್ದರೆ ಪಾತ್ರೆ ಉಜ್ಜುವ ಹೊಳೆಯುವ ಸ್ಟೀಲ್ ಜುಂಗನ್ನು ಹಾಕಬೇಡಿ, ಅದು ತುಕ್ಕು ಹಿಡಿಯದ ಉಕ್ಕು. ಕಬ್ಬಿಣದ ಪುಡಿಗೆ ಎಣ್ಣೆ ಅಂಟಿದ್ದರೆ ಸೋಪಿನ ನೀರಿನಲ್ಲಿ ಮೊದಲು ತೊಳೆಯಿರಿ. ಶಿಕ್ಷಕ ಮಿತ್ರರೇ, ಮುಂದಿನ ಪ್ರದರ್ಶನಕ್ಕೆ ಒಂದು ವಾರ ಮೊದಲೇ ಈ ಪ್ರನಾಳಗಳನ್ನು ಹೂಡಿಸಿ, ಮೇಣದಬತ್ತಿಯ ಪಕ್ಕದಲ್ಲೇ ಇಡಿಸಿ.